ಹನ್ನೊಂದು ತಿಂಗಳು, ಹನ್ನೆರಡು ಹೆಸರು

ಒಂದು ಸಣ್ಣ ಲೆಕ್ಕ ಕೇಳುತ್ತೇನೆ. ಕ್ಯಾಲೆಂಡರ್ ನೋಡಬೇಡಿ, ಫೋನ್ ತೆಗೆಯಬೇಡಿ, ಬೆರಳನ್ನೂ ಮಡಚಬೇಡಿ. ಜೂನ್ 15ಕ್ಕೆ ನೀವೊಂದು ಬಾಡಿಗೆ ಮನೆಗೆ ಹೋದಿರಿ. ಕರಾರು ಹನ್ನೊಂದು ತಿಂಗಳದ್ದು. ಅದು ಮುಗಿಯುವುದು ಯಾವತ್ತು?

ಏಪ್ರಿಲ್ 14 ಅಂದಿರಾ? ಏಪ್ರಿಲ್ 30? ಮೇ 10? ಮೇ 15? ಇವುಗಳಲ್ಲಿ ಯಾವುದನ್ನು ಹೇಳಿದ್ದರೂ ಸಂಕೋಚ ಬೇಡ, ಬನ್ನಿ, ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಈ ಥರದ ಉತ್ತರಗಳನ್ನೆಲ್ಲ ನಾನು ಒಂದಲ್ಲ ಒಂದು ಊರಲ್ಲಿ ಹೇಳಿದವನೇ. ಬರೀ ಹೇಳಿದ್ದರೆ ಗಾಳಿಗೆ ಹೋಗುತ್ತಿತ್ತು. ನಾನು ಕೆಲವನ್ನು ದುಡ್ಡು ಕೊಟ್ಟು ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ, ಇಬ್ಬರು ಸಾಕ್ಷಿದಾರರ ಎದುರು ಸಹಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ ಇಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ನಾನು ಗಣಿತದ ಅತಿಥಿ ಉಪನ್ಯಾಸಕ. ವಿಜಯಪುರ ಜಿಲ್ಲೆಯ ತಾಲ್ಲೂಕು ಊರುಗಳಲ್ಲಿ ವರ್ಷಕ್ಕೊಂದು ಕಡೆ ಕೆಲಸ, ವರ್ಷಕ್ಕೊಂದು ಕಡೆ ಮನೆ. ಕಾಲೇಜಿನಲ್ಲೂ ಅತಿಥಿ, ಮನೆಯಲ್ಲೂ ಅತಿಥಿ. ಕಲನಶಾಸ್ತ್ರ ಹೇಳಿಕೊಡುತ್ತೇನೆ, ಅನಂತ ಶ್ರೇಣಿಯನ್ನು ಕೂಡಿಸಿ ತೋರಿಸುತ್ತೇನೆ. ಅನಂತದ ತನಕ ಎಣಿಸುವುದರಲ್ಲಿ ನನಗೆ ತೊಂದರೆಯೇ ಇಲ್ಲ. ಹನ್ನೊಂದರ ತನಕ ಎಣಿಸು ಅಂದರೆ ಮಾತ್ರ ಕೈಕಾಲು ಬಿದ್ದುಹೋಗುತ್ತವೆ.

ಈ ಹನ್ನೊಂದು ಎಲ್ಲಿಂದ ಬಂತು? 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮೂ ಅದನ್ನೇ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿ, ಅದರ ಶುಲ್ಕ, ಅದರ ಪಾಳಿ, ಇದೆಲ್ಲ ಯಾರಿಗೆ ಬೇಕೆಂದು ಜನ ಹನ್ನೊಂದು ತಿಂಗಳಿಗೇ ನಿಲ್ಲಿಸಿದರು. ಸೂಕ್ಷ್ಮವಾಗಿ ನೋಡಿ: ಕಾಯ್ದೆ ಕೇಳುವುದು 'ಒಂದು ವರ್ಷಕ್ಕಿಂತ ಹೆಚ್ಚು' ಆದಾಗ. ಸರಿಯಾಗಿ ಹನ್ನೆರಡು ತಿಂಗಳು ಬರೆಸಿದರೆ ಅದು ವರ್ಷವನ್ನು ಮೀರುವುದಿಲ್ಲ. ಹಾಗಾದರೆ ಒಂದು ಪೂರಾ ತಿಂಗಳನ್ನು ಯಾಕೆ ಬಿಟ್ಟರು? ನನ್ನ ತರ್ಕ ಇಷ್ಟು. ಹನ್ನೆರಡು ಎಂದು ಬರೆಸಿ, ಮುಗಿಯುವ ತಾರೀಖನ್ನು ಒಂದೇ ಒಂದು ದಿನ ಮುಂದೆ ಹಾಕಿಬಿಟ್ಟರೆ ಕರಾರು ವರ್ಷವನ್ನು ದಾಟಿತು. ಹಾಗೆ ಹಾಕುವಂಥವರು ನಾಡಿನಲ್ಲಿ ಇದ್ದೇ ಇರುತ್ತಾರೆ ಎಂದು ಹಿರಿಯರಿಗೆ ಗೊತ್ತಿತ್ತು. ಆ ಬಿಟ್ಟ ಒಂದು ತಿಂಗಳು ನನಗಾಗಿಯೇ ಬಿಟ್ಟದ್ದು.

ಮೊದಲ ಮನೆ ಇಂಡಿಯಲ್ಲಿ. ಮಾಲೀಕರು ಲಿಂಬೆ ವ್ಯಾಪಾರದ ಗೌಡರು, ಬಹಳ ಸಜ್ಜನರು. ಜೂನ್ 15ಕ್ಕೆ ಮನೆ ಹಿಡಿದೆವು. ಬಾಂಡಿನಲ್ಲಿ 'ಹನ್ನೊಂದು ತಿಂಗಳ ಅವಧಿಗೆ' ಎಂದಷ್ಟೇ ಬರೆಸಿದೆ. ಮುಗಿಯುವ ತಾರೀಖು ಹಾಕಬೇಕೇ ಎಂದು ಟೈಪಿಸ್ಟ್ ಹುಡುಗ ಕೇಳಿದ. ಲೆಕ್ಕ ಬಲ್ಲವರಿಗೆ ಅದೇನು ಬೇಕಾಗಿಲ್ಲ ಎಂದು ಗತ್ತಿನಿಂದ ಹೇಳಿದೆ. ಸಹಿ ಆದ ಮೇಲೆ ಗೌಡರು, "ಸರ, ಹಂಗಾದ್ರ ಯಾವಾಗ ಮುಗೀತದರಿ?" ಅಂದರು. ನಾನು ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಮುಟ್ಟುತ್ತ ಹೋದೆ: ಜೂನ್ ಒಂದು, ಜುಲೈ ಎರಡು, ಆಗಸ್ಟ್ ಮೂರು... ಏಪ್ರಿಲ್ ಹನ್ನೊಂದು. "ಏಪ್ರಿಲ್ ಹದಿನಾಕಕ್ಕ ಮುಗೀತದರಿ ಗೌಡ್ರ," ಅಂದೆ. ಗೌಡರು ಲೆಕ್ಕದ ಮಾಸ್ತರರ ಮಾತೆಂದು ನಂಬಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಂಬಿದ್ದು ಅವರ ದೊಡ್ಡತನ.

ಮರುವರ್ಷ ಏಪ್ರಿಲ್ ಬರುವ ಹೊತ್ತಿಗೆ ನಾನು ಹೇಳಿದ್ದನ್ನು ನಾನೇ ಮರೆತಿದ್ದೆ. 'ಹನ್ನೊಂದನೇ ತಿಂಗಳು ಏಪ್ರಿಲ್, ಏಪ್ರಿಲ್ ಅಂದಮೇಲೆ ಏಪ್ರಿಲ್ 30' ಎಂದು ಹೊಸದಾಗಿ ಲೆಕ್ಕ ಹಾಕಿಕೊಂಡು ಹಾಯಾಗಿದ್ದೆ. 15ನೇ ತಾರೀಖು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಬಾಗಿಲ ಮುಂದೆ ಎರಡು ಟಂಟಂ ಬಂದು ನಿಂತವು. ಒಂದರಲ್ಲಿ ಕಪಾಟು, ಮಂಚ, ಗ್ಯಾಸ್ ಸಿಲಿಂಡರ್. ಇನ್ನೊಂದರಲ್ಲಿ ಒಂದು ಸಂಸಾರ. ಹೊಸ ಬಾಡಿಗೆದಾರರು! ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ವಾದಕ್ಕೆ ನಿಂತೆ, "ಇನ್ನೂ ಹದಿನೈದು ದಿನ ಅದಾವ್ರಿ!" ಗೌಡರು ನೋಟ್‌ಬುಕ್ಕು ತೆಗೆದು ತೋರಿಸಿದರು. ನನ್ನದೇ ತಾರೀಖು. ನನ್ನ ಬಾಯಿಂದಲೇ ಬಂದದ್ದು.

ಆಗ ಹೊಸ ಸಂಸಾರದ ಹುಡುಗನೊಬ್ಬ ಟಂಟಂನಿಂದ ಇಳಿದು, ಮೆಲ್ಲಗೆ, "ಸರ, ಜೂನ್ ಹದಿನೈದರಿಂದ ಜುಲೈ ಹದಿನಾಕ, ಅದು ಒಂದು. ಜುಲೈ ಹದಿನೈದರಿಂದ ಆಗಸ್ಟ್ ಹದಿನಾಕ, ಅದು ಎರಡು..." ಎಂದು ಎಣಿಸುತ್ತ ಹೋದ. ಹನ್ನೊಂದನೆಯದು ಏಪ್ರಿಲ್ 15ರಿಂದ ಮೇ 14ರವರೆಗೆ ಬಂತು. ತಿಂಗಳ ನಡುವೆ ಶುರುವಾದ ಹನ್ನೊಂದು ತಿಂಗಳು ಹನ್ನೆರಡು ತಿಂಗಳ ಹೆಸರನ್ನು ಮುಟ್ಟುತ್ತದೆ: ಜೂನ್ ಅರ್ಧ, ಮೇ ಅರ್ಧ, ನಡುವೆ ಇಡೀ ಹತ್ತು. ಒಂದನೇ ತಾರೀಖಿಗೆ ಮನೆ ಹಿಡಿದಿದ್ದರೆ ನನ್ನ ಬೆರಳ ಲೆಕ್ಕ ಸರಿಹೋಗುತ್ತಿತ್ತು. ಜೂನ್ 1ರಿಂದ ಏಪ್ರಿಲ್ 30, ಹನ್ನೊಂದು ಹೆಸರು, ಹನ್ನೊಂದು ತಿಂಗಳು. ನಡುವೆ ಹಿಡಿದವನು ಹೆಸರು ಎಣಿಸಿದರೆ ಒಂದು ತಿಂಗಳು ಕಳೆದುಕೊಂಡ ಎಂದೇ ಅರ್ಥ. ಅಂದರೆ ಆ ಮನೆಯಲ್ಲಿ ಇನ್ನೂ ಒಂದು ತಿಂಗಳು ಇರುವ ಹಕ್ಕು ನನಗಿತ್ತು, ಅದನ್ನು ಹೋದ ವರ್ಷವೇ ಬಾಯಾರೆ ದಾನ ಮಾಡಿ ಕೂತಿದ್ದೆ. ಹುಡುಗನ ಮುಖ ಎಲ್ಲೋ ನೋಡಿದಂತಿತ್ತು. ನಮ್ಮ ಕಾಲೇಜಿನವನೇ, ಕೊನೆಯ ಬೆಂಚು. ಅವನಿಗೆ ಗಣಿತದಲ್ಲಿ ಆಸಕ್ತಿ ಕಡಿಮೆ ಎಂದು ನಾನು ಷರಾ ಬರೆದಿದ್ದೆ.

ಗೌಡರು ದೊಡ್ಡ ಮನಸ್ಸು ಮಾಡಿ ಹಿತ್ತಲ ಗೋದಾಮಿನಲ್ಲಿ ಜಾಗ ಕೊಟ್ಟರು. ಪರೀಕ್ಷೆ ಕೆಲಸ ಮುಗಿಯುವವರೆಗೆ ಲಿಂಬೆಯ ಚೀಲಗಳ ನಡುವೆ ಸಂಸಾರ ಮಾಡಿದೆವು. ನನ್ನ ಅಂಗಿಗೆ ಹತ್ತಿದ ವಾಸನೆಗೆ ಕಾಲೇಜಿನಲ್ಲಿ ಎಲ್ಲರೂ ಹತ್ತಿರ ಬಂದು ಮಾತಾಡುತ್ತಿದ್ದರು ಎಂಬುದೊಂದೇ ಲಾಭ. ನಮ್ಮಾಕೆ ಮಾತ್ರ ಆ ದಿನಗಳಲ್ಲಿ ನನ್ನೊಂದಿಗೆ ಸಂಖ್ಯೆಗಳಿಲ್ಲದ ಮಾತನ್ನಷ್ಟೇ ಆಡಿದಳು.

ಪಾಠ ಕಲಿತೆ. ತಿಂಗಳ ಹೆಸರನ್ನು ನಂಬಬಾರದು, ದಿನವನ್ನು ನಂಬಬೇಕು. ಮುಂದಿನ ಕೆಲಸ ಸಿಂದಗಿಯಲ್ಲಿ ಸಿಕ್ಕಿತು. 2023ರ ಜುಲೈ 16ಕ್ಕೆ ಮನೆ. ಆಷಾಢದ ಕೊನೆ, ಮರುದಿನವೇ ಅಮಾವಾಸ್ಯೆ, ಯಾರೂ ಮನೆ ಬದಲಿಸದ ಹೊತ್ತು. ಕಾಲೇಜಿನ ಕರೆ ಪಂಚಾಂಗ ನೋಡಿ ಬರುವುದಿಲ್ಲವಲ್ಲ. ಈ ಸಲ ಬಾಂಡಿನ ಒಕ್ಕಣೆಯನ್ನು ನಾನೇ ಬರೆದುಕೊಟ್ಟೆ: 'ಹನ್ನೊಂದು ತಿಂಗಳು, ಅಂದರೆ 330 ದಿನಗಳ ಅವಧಿಗೆ'. ಮೂವತ್ತನ್ನು ಹನ್ನೊಂದರಿಂದ ಗುಣಿಸಿದರೆ ಮುನ್ನೂರ ಮೂವತ್ತು. ಇದರಲ್ಲಿ ತಪ್ಪು ಹಿಡಿಯುವ ಗಂಡಸು ಸಿಂದಗಿ ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡೆ.

ಮಾಲೀಕರು ವಯಸ್ಸಾದ ಅಜ್ಜ, ಒಕ್ಕಲುತನದವರು. ಬಾಂಡನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟರು. ಅವರ ಲೆಕ್ಕ ಬೇರೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಆ ವರ್ಷ ಅಧಿಕ ಶ್ರಾವಣವೂ ಬಂದಿತ್ತು, ಅದನ್ನೂ ಅವರು ಒಂದು ತಿಂಗಳೆಂದೇ ಹಿಡಿದರು. ಹಿಡಿಯಬೇಕಾದ್ದೇ. 2024ರ ಜೂನ್ 6ಕ್ಕೆ ಅವರ ಹನ್ನೊಂದನೇ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಇಂಥ ಮಾತು ಎತ್ತಬಾರದೆಂದು ಒಂದು ದಿನ ತಡೆದು, ಮರುದಿನ ಬೆಳಿಗ್ಗೆ ಬಂದರು. "ಸರ, ಹನ್ನೊಂದು ಆದವು. ಮುಂದೇನ್ ಮಾಡ್ತೀರಿ?"

ನಾನು ನಕ್ಕೆ. ಲೆಕ್ಕ ಬಲ್ಲವನ ನಗು. "ಅಜ್ಜಾರ, ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತೂವರಿ ದಿನಾರಿ. ಇದು ಇಂಗ್ಲಿಷ್ ತಿಂಗಳ. ಇನ್ನೂ ಟೈಮ್ ಅದ, ನೋಡ್ರಿ," ಎಂದು ಕ್ಯಾಲೆಂಡರಿನ ಹಾಳೆಗಳನ್ನು ಹಿಂದೆ ಮುಂದೆ ಮಾಡಿ 330 ದಿನ ಎಣಿಸಿದೆ. ಜೂನ್ 10 ಬಂತು. ಅಜ್ಜನ ಮೊಮ್ಮಗಳು ಎಣಿಸಿದಳು. ಜೂನ್ 9 ಬಂತು. ನಾನು ಮತ್ತೆ ಎಣಿಸಿದೆ, ಮತ್ತೆ 10. ಅವಳು ಫೆಬ್ರವರಿಯ ಹಾಳೆ ತೋರಿಸಿ, "ಈ ಸಲ ಇಪ್ಪತ್ತೊಂಬತ್ತು ಅದಾವ್ರಿ ಸರ," ಅಂದಳು. 2024 ಅಧಿಕ ವರ್ಷ. ನಾನು ಹಳೆಯ ಅಭ್ಯಾಸದ ಬಲದಿಂದ ಇಪ್ಪತ್ತೆಂಟಕ್ಕೇ ಮುಗಿಸಿ ಮಾರ್ಚಿಗೆ ಹಾರುತ್ತಿದ್ದೆ. ಚಂದ್ರನ ತಿಂಗಳ ಬಗ್ಗೆ ಅಜ್ಜನಿಗೆ ಪಾಠ ಹೇಳಿದವನು ಸೂರ್ಯನ ಅಧಿಕ ದಿನವನ್ನು ನುಂಗಿಬಿಟ್ಟಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಅಜ್ಜ ಬಾಂಡನ್ನು ತಂದು, "ಹನ್ನೊಂದು ತಿಂಗಳ ಅಂತನೂ ಬರದೀರಿ, ಮುನ್ನೂರಾ ಮೂವತ್ತು ಅಂತನೂ ಬರದೀರಿ. ಯಾವುದು ಖರೇರಿ?" ಅಂದರು. ಎರಡೂ ಒಂದೇ ಎಂದು ಹೇಳಲು ಬಾಯಿ ತೆರೆದೆ. ತಾರೀಖಿನ ಮೇಲೆ ತಾರೀಖು ಹಾಕಿ ನೋಡಿದೆ. ಜುಲೈ 16ರಿಂದ ಆಗಸ್ಟ್ 15, ಹೀಗೇ ಹನ್ನೊಂದು ಸಲ ಹೋದರೆ ಜೂನ್ 15ಕ್ಕೆ ಬಂದು ನಿಂತಿತು. ದಿನ ಎಣಿಸಿದರೆ 336. ತೆರೆದ ಬಾಯಿ ಹಾಗೇ ಉಳಿಯಿತು.

ಆ ರಾತ್ರಿ ಹಠಕ್ಕೆ ಬಿದ್ದು, ಬೇರೆ ಬೇರೆ ತಿಂಗಳಿಂದ ಶುರುಮಾಡಿ ಲೆಕ್ಕ ಹಾಕಿದೆ. ಹನ್ನೊಂದು ತಿಂಗಳಿಗೆ ಕೆಲವೊಮ್ಮೆ 334 ದಿನ, ಕೆಲವೊಮ್ಮೆ 335, 336, ಹೆಚ್ಚೆಂದರೆ 337. ನೀವು ಬಿಟ್ಟುಹೋಗುವ ಹನ್ನೆರಡನೇ ತಿಂಗಳಿಗೆ ಎಷ್ಟು ದಿನ, ನಡುವೆ ಫೆಬ್ರವರಿ 29 ಬಂತೋ ಇಲ್ಲವೋ, ಅದರ ಮೇಲೆ ನಿಂತಿದೆ. 330 ಮಾತ್ರ ಯಾವ ವರ್ಷ, ಯಾವ ತಾರೀಖಿನಿಂದ ಎಣಿಸಿದರೂ ಬರುವುದಿಲ್ಲ. ಬರಲು ಸಾಧ್ಯವೇ ಇಲ್ಲದ ಸಂಖ್ಯೆಯನ್ನೇ ಹುಡುಕಿ ಬಾಂಡಿನಲ್ಲಿ ಬರೆಸಿದ್ದೆ.

ಹೀಗೆ ಒಂದು ಬಾಂಡಿನಿಂದ ಜೂನ್ 6, 9, 10 ಮತ್ತು 15 ಎಂದು ನಾಲ್ಕು ಅಂತ್ಯಗಳನ್ನು ತೆಗೆದೆ. ಅಜ್ಜ ನಾಲ್ಕನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಸರ, ನೀವು ಯಾವಾಗ ಬೇಕಾದ್ರೂ ಹೋಗ್ರಿ, ಹೋಗೂಮುಂದ ಕೀಲಿ ಕೊಟ್ಟು ಹೋಗ್ರಿ," ಎಂದು ಎಮ್ಮೆಗೆ ಮೇವು ಹಾಕಲು ಹೋದರು. ನಾನು 15ಕ್ಕೆ ಹೋದೆ. ಕೀಲಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಹೋದೆ. ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದು ಆಮೇಲೆ.

ಮುದ್ದೇಬಿಹಾಳಕ್ಕೆ ಬರುವಷ್ಟರಲ್ಲಿ ನನ್ನ ತಲೆಯ ಮೇಲೆ ನನಗೇ ವಿಶ್ವಾಸ ಹೋಗಿತ್ತು. ಇನ್ನು ಕಂಪ್ಯೂಟರೇ ಗತಿ. 2024ರ ಜೂನ್ 16ಕ್ಕೆ ಮನೆ ಹಿಡಿದೆವು. ಎಕ್ಸೆಲ್ ಹಾಳೆಯ ಮೊದಲ ಚೌಕದಲ್ಲಿ ಆ ತಾರೀಖು ಹಾಕಿ, ಪಕ್ಕದಲ್ಲಿ ಹೀಗೆ ಬರೆದೆ:

```
=EDATE(A1,11)
```

ಎಂಟರ್ ಒತ್ತಿದೆ. 45793 ಎಂದು ಬಂತು. ಎಡವಟ್ಟು ಆಯಿತೆಂದು ಯಾವ ಸಾಮಾನ್ಯ ಮನುಷ್ಯನಿಗಾದರೂ ಅನಿಸುತ್ತಿತ್ತು. ನನಗೆ ಅನಿಸಿದ್ದು, 'ನೋಡಪ್ಪಾ, ಎಷ್ಟು ನಿಖರವಾಗಿ ಹೇಳುತ್ತದೆ!' ಎಂದು. ಬಸ್ಸಿಗೆ ಹೊತ್ತಾಗಿತ್ತು. ಹಾಳೆಯನ್ನು ಪ್ರಿಂಟ್ ತೆಗೆದು, 'ಇದರಲ್ಲಿದ್ದಂತೆ ಹಾಕಿಬಿಡಪ್ಪಾ' ಎಂದು ಟೈಪಿಂಗ್ ಅಂಗಡಿಯಲ್ಲಿ ಕೊಟ್ಟು ಹೋದೆ. ಅವನು ಕೊಟ್ಟದ್ದನ್ನು ಕೊಟ್ಟಂತೆ ಹಾಕಿದ. ಸಂಜೆ ಮಾಲೀಕಳಾದ ಅಕ್ಕ ಸಾಕ್ಷಿದಾರರ ಎದುರು ಬಾಂಡನ್ನು ಗಟ್ಟಿಯಾಗಿ ಓದಿದರು: "ಈ ಕರಾರು ದಿನಾಂಕ ನಲವತ್ತೈದು ಸಾವಿರದ ಏಳುನೂರಾ ತೊಂಬತ್ತಮೂರಕ್ಕೆ ಮುಕ್ತಾಯವಾಗುತ್ತದೆ." ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ, "ಸರ, ಅಷ್ಟೊತ್ತಿಗೆ ಈ ಮನಿ ಇರತೈತೇನ್ರಿ?" ಅಂದರು. ಸಾಕ್ಷಿದಾರರಲ್ಲಿ ಒಬ್ಬರು ಚಹಾ ಕುಡಿಯುತ್ತಿದ್ದರು. ಆ ಚಹಾ ಬಾಂಡಿನ ಮೇಲೆ ಬಿತ್ತು, ಹಾಗಾಗಿ ಹೊಸ ಕಾಗದ ತರುವುದು ಹೇಗೂ ಅನಿವಾರ್ಯವಾಯಿತು.

ಆಮೇಲೆ ತಿಳಿಯಿತು, ಎಕ್ಸೆಲ್ 1900ರ ಜನವರಿ 1ನ್ನು ಒಂದು ಎಂದು ಹಿಡಿದು ದಿನಗಳನ್ನು ಎಣಿಸುತ್ತ ಬಂದಿದೆ, ತಾರೀಖೆಂದರೆ ಅದಕ್ಕೆ ಬರೀ ಒಂದು ಸಂಖ್ಯೆ. ಚೌಕದ ನಮೂನೆಯನ್ನು ತಾರೀಖಿಗೆ ಬದಲಿಸಿದರೆ ಆ 45793 ಎಂಬುದು 16-05-2025 ಎಂದು ಕಾಣುತ್ತದೆ. ಇಲ್ಲೊಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆ ಎಣಿಕೆಯಲ್ಲಿ 1900ರ ಫೆಬ್ರವರಿ 29 ಕೂಡ ಒಂದು ದಿನವಾಗಿ ಸೇರಿದೆ. 1900 ಅಧಿಕ ವರ್ಷವೇ ಅಲ್ಲ, ಅಂಥದೊಂದು ದಿನ ಭೂಮಿಯ ಮೇಲೆ ಆಗಲೇ ಇಲ್ಲ. ನಾನು ಸಿಂದಗಿಯಲ್ಲಿ ಇದ್ದ 29ನ್ನು ನುಂಗಿದೆ, ಅದು ಇಲ್ಲದ 29ನ್ನು ಹೆತ್ತಿತು. ಹಳೆಯ ಹಾಳೆಗಳ ಲೆಕ್ಕ ಕೆಡಬಾರದೆಂದು ಅದನ್ನು ಇವತ್ತಿಗೂ ತಿದ್ದಿಲ್ಲ. ನನ್ನನ್ನೂ ಯಾರೂ ತಿದ್ದಿಲ್ಲ.

ಹೊಸ ಕಾಗದದ ಮೇಲೆ 16-06-2024ರಿಂದ 16-05-2025ರವರೆಗೆ ಎಂದು ಬರೆಸಿದೆ. ಚೆಂದ ಕಾಣಿಸಿತು, ಹದಿನಾರಕ್ಕೆ ಹದಿನಾರು. ಅವಧಿ ಮುಗಿಯುತ್ತ ಬಂದಾಗ ನವೀಕರಣದ ಬಾಂಡನ್ನೂ ಅದೇ ಹಾಳೆಯಿಂದ ತಯಾರಿಸಿದೆ: 16-05-2025ರಿಂದ 16-04-2026. ಅಕ್ಕ ಎರಡೂ ಬಾಂಡುಗಳನ್ನು ಅಕ್ಕಪಕ್ಕ ಇಟ್ಟು, "ಸರ, ಮೇ ಹದಿನಾರಕ್ಕ ನೀವು ಹಳೇ ಬಾಂಡಿನ್ಯಾಗೂ ಅದೀರಿ, ಹೊಸಾ ಬಾಂಡಿನ್ಯಾಗೂ ಅದೀರಿ. ಆ ದಿನದ ಬಾಡಗಿ ಎರಡ ಸಲ ಕೊಡತೀರೇನ್ರಿ?" ಅಂದರು. ತಮಾಷೆಗೆ ಅಂದದ್ದು. ನಾನು ಗಾಬರಿಯಲ್ಲಿ ಕೊಟ್ಟೇಬಿಟ್ಟೆ. ಅವರು ನಗುತ್ತ ಆ ದುಡ್ಡನ್ನು ನಮ್ಮ ಮಗಳ ಕೈಗಿಟ್ಟರು. ಮಗಳು ಅದನ್ನು ಐಸ್‌ಕ್ರೀಮಿಗೆ ಖರ್ಚು ಮಾಡಿ ತಾರೀಖಿನ ವಿವಾದವನ್ನು ಬಗೆಹರಿಸಿದಳು.

ಕೊನೆಗೆ ನಮ್ಮಾಕೆ ನನ್ನನ್ನೂ ಆ ಪ್ಲಾಸ್ಟಿಕ್ ಕವರನ್ನೂ ಬಸವನ ಬಾಗೇವಾಡಿಗೆ ಕರೆದುಕೊಂಡು ಹೋದಳು. ಅಲ್ಲಿ ನನ್ನ ಸೋದರಮಾವ ವಕೀಲರು. ಬಸವಣ್ಣನವರ ಊರು, ಕಾಯಕದ ಊರು, ಆದರೆ ಮಾವನ ಕಾಯಕಕ್ಕೆ ಅವತ್ತು ರಜೆಯಿತ್ತು. ರೊಟ್ಟಿ ಊಟ ಆದ ಮೇಲೆ ಬಾಂಡುಗಳನ್ನು ಒಂದೊಂದಾಗಿ ಓದಿದರು. ಓದುತ್ತ ಓದುತ್ತ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ತಮ್ಮಾ, ಇಷ್ಟ ವರ್ಷ ಪ್ರಾಕ್ಟೀಸ್ ಮಾಡೇನಿ. ಇಂಥಾವು ನೋಡಿಲ್ಲ," ಅಂದರು. ನಾನು ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ.

ಮಾವ ಮೊದಲು ಕೈಯಿಟ್ಟದ್ದು ಆ 'ರಿಂದ'ದ ಮೇಲೆ. ಸ್ವತ್ತು ವರ್ಗಾವಣೆ ಕಾಯ್ದೆಯ 110ನೇ ಕಲಮಿನ ಪ್ರಕಾರ, ಕರಾರು 'ಇಂಥ ದಿನದಿಂದ' ಎಂದಿದ್ದರೆ ಅವಧಿ ಎಣಿಸುವಾಗ ಆ ದಿನವನ್ನು ಬಿಡಬೇಕು. ಹಾಗೆ ಬಿಟ್ಟರೆ 'ಜೂನ್ 16ರಿಂದ ಹನ್ನೊಂದು ತಿಂಗಳು' ಎಂದಷ್ಟೇ ಬರೆದ ಕರಾರು ಮೇ 16ಕ್ಕೆ ಮುಗಿಯುತ್ತದೆ. 16ನ್ನೂ ಸೇರಿಸಿ ಎಣಿಸಿದರೆ ಮೇ 15ಕ್ಕೆ. ನಾನು ಕುರ್ಚಿಯಿಂದ ಎದ್ದೆ. "ಅಂದ್ರ ಮಾಮಾ, ನನ್ನ ಹದಿನಾರು ಸರಿ ಆತಲ್ಲ!" ಮಾವ ಕೂಡು ಎಂದು ಸನ್ನೆ ಮಾಡಿದರು. "ನೀ ಕಾಯ್ದೆ ಓದಿ ಬರದಿದ್ರ ಸರಿ. ಹಂಗಾದ್ರ ಹೊಸಾ ಬಾಂಡು ಹದಿನೇಳರಿಂದ ಬರೀಬೇಕಿತ್ತು. ನೀ ಅದನ್ನೂ ಹದಿನಾರಂತ ಬರದಿ. ಎರಡೂ ಕಡೆ ತಪ್ಪೇ ಆತು."

ಇದಕ್ಕೆ ಮಾವ ಹೇಳಿದ ಔಷಧ ಸರಳವಾದದ್ದು. ಬಾಂಡಿನಲ್ಲಿ ತಿಂಗಳ ಸಂಖ್ಯೆಯೊಂದನ್ನೇ ಬರೆದು ಮುಂದಿನದನ್ನು ಓದುವವನ ಬುದ್ಧಿಗೆ ಬಿಡಬಾರದು. '16-06-2024ರಿಂದ 15-05-2025ರವರೆಗೆ, ಎರಡೂ ದಿನಗಳು ಸೇರಿ, ಹನ್ನೊಂದು ತಿಂಗಳು' ಎಂದು ಬರೆಸಬೇಕು. ತಾರೀಖುಗಳೂ 'ಎರಡೂ ದಿನ ಸೇರಿ' ಎಂಬ ಮಾತೂ ಇದ್ದಮೇಲೆ ತಕರಾರಿಗೆ ಜಾಗ ಉಳಿಯುವುದಿಲ್ಲ. ತಾರೀಖು ಹುಡುಕುವ ದಾರಿಯನ್ನೂ ಹೇಳಿದರು. "ಒಂದು ವರ್ಷ ಮುಂದ ಹೋಗು, ಒಂದು ತಿಂಗಳ ಹಿಂದ ಬಾ. ಅದು ಹೊಸಾ ಬಾಂಡಿನ ಮೊದಲ್ನೇ ದಿನ. ಅದರ ಹಿಂದಿನ ದಿನ ಹಳೇ ಬಾಂಡಿನ ಕಡೀ ದಿನ. ಮುಗೀತು." ಜೂನ್ 16, 2024. ವರ್ಷ ಮುಂದೆ ಹೋದರೆ ಜೂನ್ 16, 2025. ತಿಂಗಳು ಹಿಂದೆ ಬಂದರೆ ಮೇ 16, ಅದು ನವೀಕರಣದ ದಿನ. ಅದಕ್ಕೂ ಒಂದು ದಿನ ಹಿಂದೆ ಮೇ 15, ಅದು ಅಂತ್ಯ. ನಾನು ಎಕ್ಸೆಲ್ಲಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೂ ಇಷ್ಟೇ ಆಗಿತ್ತು:

```
=EDATE(A1,11)-1
```

ಒಂದೇ ಒಂದು ಕಳೆಯುವುದು. ಒಂದನೇ ಇಯತ್ತೆಯ ಲೆಕ್ಕ.

"ಮತ್ತ ನೀ ಪುಣ್ಯವಂತ ಇದ್ದಿ, ನಡಬರಕ ಮನಿ ಹಿಡಿದಿ," ಎಂದು ಮಾವ ಗಾಯಕ್ಕೆ ಮುಲಾಮು ಹಚ್ಚಿದರು. 1ರಿಂದ 28ರ ಒಳಗಿನ ತಾರೀಖು ಎಲ್ಲ ತಿಂಗಳಲ್ಲೂ ಇರುತ್ತದೆ. ಮಾರ್ಚ್ 31ಕ್ಕೆ ಮನೆ ಹಿಡಿದವನಿಗೆ ಹನ್ನೊಂದು ತಿಂಗಳಾದ ಮೇಲೆ ಫೆಬ್ರವರಿ 31 ಹುಡುಕುವ ಪಾಡು. ಆಗ, ಅಧಿಕ ವರ್ಷ ಅಲ್ಲದಿದ್ದರೆ, ಎಕ್ಸೆಲ್ ಫೆಬ್ರವರಿ 28ಕ್ಕೆ ಇಳಿದು ನಿಲ್ಲುತ್ತದೆ, ಒಂದು ಕಳೆದರೆ 27 ಆಗುತ್ತದೆ, ಮತ್ತೆ ಜಗಳ. ಅಂದರೆ ತಿಂಗಳ ನಡುವಿನ ತಾರೀಖೇ ಎಲ್ಲಕ್ಕಿಂತ ಸಲೀಸು. ಅಷ್ಟು ಸಲೀಸಾದ ಲೆಕ್ಕವನ್ನು ನಾನು ಈ ಗತಿಗೆ ತಂದಿದ್ದೆ. ನಾನು 31ಕ್ಕೆ ಮನೆ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ನಮ್ಮಾಕೆ ಒಮ್ಮೆ ಕಣ್ಣುಮುಚ್ಚಿ ಯೋಚಿಸಿದಳು. ಲಿಂಬೆ ಗೋದಾಮು ನೆನಪಾಗಿರಬೇಕು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ನಾನು ಬುದ್ಧಿವಂತಿಕೆ ತೋರಿಸಲು ಫೋನ್ ತೆಗೆದು, "ಇನ್ನ ಮರೆಯೋ ಪ್ರಶ್ನೆನೇ ಇಲ್ಲ ಮಾಮಾ. ನವೀಕರಣಕ್ಕ ರಿಮೈಂಡರ್ ಇಟ್ಟೇನಿ. ಪ್ರತಿ ವರ್ಷ ಮೇ ಹದಿನಾರಕ್ಕ ತಾನಽ ಹೊಡಕೋತೈತಿ," ಅಂದೆ. ಮಾವ ಬಹಳ ಹೊತ್ತು ನನ್ನ ಮುಖ ನೋಡಿದರು. "ಪ್ರತಿ ವರ್ಷ?" ಅಂದರು. "ಹೂಂ." "ಹನ್ನೊಂದು ತಿಂಗಳ ಬಾಂಡಿಗೆ?" ಅಂದರು.

ಆಗ ಹೊಳೆಯಿತು. ಬಾಂಡು ಹನ್ನೊಂದು ತಿಂಗಳಿಗೊಮ್ಮೆ ಬರುತ್ತದೆ, ರಿಮೈಂಡರ್ ಹನ್ನೆರಡು ತಿಂಗಳಿಗೊಮ್ಮೆ. 2025ರಲ್ಲಿ ಮೇ 16ಕ್ಕೆ ನವೀಕರಣವಾದರೆ ಅದರ ಮುಂದಿನದು 2026ರ ಏಪ್ರಿಲ್ 16ಕ್ಕೆ, ಆಮೇಲಿನದು 2027ರ ಮಾರ್ಚ್ 16ಕ್ಕೆ. ನಮ್ಮ ಕಡೆ ಊರೂರಲ್ಲಿ ಆಡುವ ಮೊಹರಂ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಈ ಬಾಂಡು ಅದಕ್ಕಿಂತ ಅವಸರದ್ದು, ಸಲಕ್ಕೊಂದು ತಿಂಗಳು ಹಿಂದಕ್ಕೆ ಓಡುತ್ತದೆ. ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಇದ್ದವನು ಹನ್ನೆರಡು ಬಾಂಡು ಬರೆಸಿರುತ್ತಾನೆ. ಬಾಡಿಗೆ ಏರಿಸುವ ಮಾತು ಬಾಂಡಿಗೊಮ್ಮೆ ಬರುವುದರಿಂದ ಅದೂ ಹನ್ನೊಂದು ತಿಂಗಳಿಗೊಮ್ಮೆಯೇ. ನನ್ನ ಫೋನು ಮಾತ್ರ ಮೊದಲ ವರ್ಷ ಒಂದು ತಿಂಗಳು ತಡವಾಗಿ, ಮರುವರ್ಷ ಎರಡು ತಿಂಗಳು ತಡವಾಗಿ, ನಿಷ್ಠೆಯಿಂದ ಹೊಡೆದುಕೊಳ್ಳುತ್ತಿತ್ತು.

"ಆ ತಿಂಗಳ ನನ್ನನ್ನ ಹೊರಗ ಹಾಕತಾರೇನ್ ಮಾಮಾ?" ಎಂದು ಕೇಳಿದೆ. ಹಾಗೇನೂ ಇಲ್ಲವಂತೆ. ಮುದ್ದತ್ತು ಮುಗಿದರೆ ಕರಾರು ತಾನಾಗಿಯೇ ಮುಗಿಯುತ್ತದೆ, ಯಾರೂ ಗಂಟೆ ಬಾರಿಸಬೇಕಿಲ್ಲ. ಆದರೆ ನೀವು ಅಲ್ಲೇ ಇದ್ದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 116ನೇ ಕಲಮಿನ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಗ ಬಿಡಿಸಬೇಕೆಂದರೂ ಬಿಡಬೇಕೆಂದರೂ 106ನೇ ಕಲಮಿನ ಹದಿನೈದು ದಿನದ ನೋಟಿಸು ಸಾಕು. ಬಾಂಡಿನಲ್ಲಿ ಇದ್ದ ಭದ್ರತೆ ಹದಿನೈದು ದಿನಕ್ಕೆ ಇಳಿಯಿತು, ಅಷ್ಟೇ ವ್ಯತ್ಯಾಸ. ನನ್ನ ಬಾಂಡಿನಲ್ಲಿ ಇನ್ನೊಂದು ಷರತ್ತೂ ಇತ್ತು, ಮುಂದುವರಿಯುವುದಿದ್ದರೆ ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ತಿಳಿಸಬೇಕು ಎಂದು. ಅಂದರೆ ಮೇ 15ಕ್ಕೆ ಮುಗಿಯಬೇಕಾಗಿದ್ದ ಕರಾರಿಗೆ ಏಪ್ರಿಲ್ 15ರ ಒಳಗೆ ಮಾತಾಡಬೇಕಿತ್ತು. ರಿಮೈಂಡರ್ ಇಡಬೇಕಾದದ್ದು ಆ ದಿನಕ್ಕೆ, ಅದೂ ಪುನರಾವರ್ತನೆ ಇಲ್ಲದೆ ಒಂದೇ ಸಲ. ಹೊಸ ಬಾಂಡಿಗೆ ಸಹಿ ಹಾಕಿದ ದಿನವೇ ಹೊಸ ರಿಮೈಂಡರ್ ಹಾಕಿಕೊಳ್ಳಬೇಕು. ನಾನು ಅಲ್ಲೇ ಕೂತು ಹಳೆಯದನ್ನು ಅಳಿಸಿದೆ. ಅವಸರದಲ್ಲಿ ಮದುವೆಯ ವಾರ್ಷಿಕೋತ್ಸವದ ರಿಮೈಂಡರನ್ನೂ ಅಳಿಸಿದ್ದು ಆ ವರ್ಷದ ವಾರ್ಷಿಕೋತ್ಸವದ ಮರುದಿನ ಗೊತ್ತಾಯಿತು. ಆ ಕರಾರಿಗೆ ಅಂತ್ಯದ ತಾರೀಖು ಇಲ್ಲದ್ದರಿಂದ ಬದುಕಿಕೊಂಡೆ.

ನೀವೂ ಇವತ್ತೇ ನಿಮ್ಮ ಬಾಂಡು ತೆಗೆದು ನೋಡಿ. ಶುರುವಾದದ್ದು 16 ಆಗಿ ಮುಗಿಯುವುದೂ 16 ಆಗಿದ್ದರೆ ಮುಂದಿನ ಸಲ 15 ಮಾಡಿಸಿ, 'ಎರಡೂ ದಿನ ಸೇರಿ' ಎಂದು ಬರೆಸಿ. ತಾಳೆ ನೋಡಲು ಮನೆಯವರನ್ನು ಕರೆಯಿರಿ, ಮಾಲೀಕರ ಮೊಮ್ಮಗಳನ್ನು ಕರೆಯಿರಿ, ಕೊನೆಯ ಬೆಂಚಿನ ಹುಡುಗ ಸಿಕ್ಕರೆ ಇನ್ನೂ ಒಳ್ಳೆಯದು. ಲೆಕ್ಕದ ಮಾಸ್ತರರನ್ನು ಮಾತ್ರ ಕರೆಯಬೇಡಿ.